ಅರೇ: ಅಂಶವನ್ನು ಓದುವ ಮತ್ತು ನಡುವೆ ಸೇರಿಸುವ ಕಾಲವೆಚ್ಚ

ಅರೇ ಅಥವಾ ಸರಣಿ ಎಂಬುದು ಗಣಕ ವಿಜ್ಞಾನದಲ್ಲಿ ಒಂದೇ ಗಾತ್ರದ ಅಂಶಗಳನ್ನು ಕಂಪ್ಯೂಟರಿನ ಮೆಮೊರಿಯಲ್ಲಿ ಒಂದರ ಪಕ್ಕದಲ್ಲಿ ಒಂದರಂತೆ, ನಡುವೆ ತೆರಪಿಲ್ಲದೆ ಇರಿಸುವ ದತ್ತಾಂಶ ರಚನೆಯಾಗಿದೆ. ಪ್ರತಿಯೊಂದು ಅಂಶಕ್ಕೂ ಒಂದು ಕ್ರಮಸಂಖ್ಯೆ ಇರುತ್ತದೆ. ಇದನ್ನು ಸೂಚ್ಯಂಕ ಅಥವಾ ಇಂಡೆಕ್ಸ್ ಎನ್ನುತ್ತಾರೆ. ಸೂಚ್ಯಂಕವು ಗೊತ್ತಿದ್ದರೆ ಆ ಸ್ಥಾನದ ಅಂಶವನ್ನು ಓದಲು ತಗಲುವ ಕಾಲವು ಅರೇಯಲ್ಲಿ ಎಂಟು ಅಂಶಗಳಿದ್ದರೂ ಎಂಟು ಲಕ್ಷ ಅಂಶಗಳಿದ್ದರೂ ಬದಲಾಗುವುದಿಲ್ಲ. ಆದುದರಿಂದ ಓದುವಿಕೆಯನ್ನು ಸ್ಥಿರಕಾಲದ ಕ್ರಿಯೆ ಎಂದು ಕರೆದು O(1) ಎಂದು ಬರೆಯುತ್ತಾರೆ. ಇದಕ್ಕೆ ವಿರುದ್ಧವಾಗಿ, ಅದೇ ಅರೇಯ ನಡುವೆ ಹೊಸ ಅಂಶವೊಂದನ್ನು ಸೇರಿಸಲು ತಗಲುವ ಕಾಲವು ಅಂಶಗಳ ಸಂಖ್ಯೆ ಬೆಳೆದಂತೆ ಅದೇ ಪ್ರಮಾಣದಲ್ಲಿ ಬೆಳೆಯುತ್ತದೆ. ಇದು ರೇಖೀಯ ಕಾಲದ ಕ್ರಿಯೆ, O(n).

ಈ ಎರಡು ವೆಚ್ಚಗಳನ್ನು ಪಠ್ಯಪುಸ್ತಕಗಳು ಸಾಮಾನ್ಯವಾಗಿ ಒಂದು ಕೋಷ್ಟಕದ ಎರಡು ಸಾಲುಗಳಾಗಿ ಕೊಟ್ಟುಬಿಡುತ್ತವೆ, ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಾರೆ. ವಾಸ್ತವವಾಗಿ ಅವು ಎರಡು ಪ್ರತ್ಯೇಕ ಸಂಗತಿಗಳಲ್ಲ. ಅಂಶಗಳು ತೆರಪಿಲ್ಲದೆ ಸಾಲಾಗಿ ಇರಬೇಕು ಎಂಬ ಒಂದೇ ನಿಯಮವು ಓದುವಿಕೆಯನ್ನು ಅಗ್ಗವಾಗಿಸುತ್ತದೆ ಮತ್ತು ನಡುವಿನ ಸೇರ್ಪಡೆಯನ್ನು ದುಬಾರಿಯಾಗಿಸುತ್ತದೆ.

## ಮೆಮೊರಿಯಲ್ಲಿ ಅರೇಯ ಜೋಡಣೆ

ಕಂಪ್ಯೂಟರಿನ ಮುಖ್ಯ ಮೆಮೊರಿಯನ್ನು ಬೈಟ್‌ಗಳ ಒಂದು ಉದ್ದನೆಯ ಸಾಲು ಎಂದು ಭಾವಿಸಬಹುದು. ಪ್ರತಿ ಬೈಟಿಗೂ ಒಂದು ಸಂಖ್ಯೆ ಇದ್ದು, ಅದನ್ನು ಆ ಬೈಟಿನ ವಿಳಾಸ ಎನ್ನುತ್ತಾರೆ. ವಿಳಾಸವೊಂದನ್ನು ಕೊಟ್ಟರೆ ಯಂತ್ರವು ಅದರ ಹಿಂದಿನ ಬೈಟ್‌ಗಳನ್ನೆಲ್ಲ ದಾಟಿಕೊಂಡು ಹೋಗಬೇಕಾಗಿಲ್ಲ. ನೇರವಾಗಿ ಆ ಸ್ಥಳವನ್ನೇ ತಲುಪುತ್ತದೆ. ಮುಖ್ಯ ಮೆಮೊರಿಯ ಈ ಗುಣವೇ ಮುಂದಿನ ವಿವರಣೆಗೆಲ್ಲ ಆಧಾರ.

ಒಂದು ಪರೀಕ್ಷೆಯಲ್ಲಿ ಎಂಟು ವಿದ್ಯಾರ್ಥಿಗಳು ಪಡೆದ ಅಂಕಗಳನ್ನು ಏರಿಕೆಯ ಕ್ರಮದಲ್ಲಿ ಇರಿಸಿದ ಅರೇಯೊಂದನ್ನು ತೆಗೆದುಕೊಳ್ಳೋಣ: 12, 19, 23, 31, 40, 47, 58, 66. ಪ್ರತಿ ಸಂಖ್ಯೆಗೆ 4 ಬೈಟ್ ಜಾಗ ಬೇಕು ಮತ್ತು ಅರೇಯು 1000ನೆಯ ವಿಳಾಸದಿಂದ ಆರಂಭವಾಗುತ್ತದೆ ಎಂದಿಟ್ಟುಕೊಳ್ಳೋಣ. ಆಗ 12 ಎಂಬ ಸಂಖ್ಯೆ 1000ರಿಂದ 1003ರವರೆಗಿನ ನಾಲ್ಕು ಬೈಟ್‌ಗಳಲ್ಲಿ, 19 ಎಂಬುದು 1004ರಿಂದ, 23 ಎಂಬುದು 1008ರಿಂದ ಇರುತ್ತದೆ. ಕೊನೆಯ ಸಂಖ್ಯೆಯಾದ 66 ಇರುವುದು 1028ರಿಂದ 1031ರವರೆಗೆ. ಹತ್ತು ಸಂಖ್ಯೆಗಳಿಗೆ ಸಾಲುವಷ್ಟು ಜಾಗವನ್ನು ಮೊದಲೇ ಕಾದಿರಿಸಲಾಗಿದೆ ಎಂದೂ ಭಾವಿಸೋಣ. ಹಾಗಾಗಿ 1032 ಮತ್ತು 1036ರಿಂದ ಆರಂಭವಾಗುವ ಎರಡು ಮನೆಗಳು ಈಗ ಖಾಲಿ ಇವೆ.

## ಓದುವಿಕೆ

ಮೇಲಿನ ಅರೇಯಲ್ಲಿ ಮೊದಲ ಅಂಶದ ಸೂಚ್ಯಂಕ 0, ಕೊನೆಯದರದು 7. ಸೂಚ್ಯಂಕ 5ರ ಅಂಶವನ್ನು ಓದಬೇಕೆಂದಾಗ ಯಂತ್ರವು ಒಂದು, ಎರಡು, ಮೂರು ಎಂದು ಎಣಿಸುತ್ತಾ ಹೋಗುವುದಿಲ್ಲ. ಅದು ಈ ಸೂತ್ರವನ್ನು ಬಳಸುತ್ತದೆ:

```
address = base + index * size
```

ಅಂದರೆ 1000 + 5 × 4 = 1020. ಆ ವಿಳಾಸದಲ್ಲಿರುವ ನಾಲ್ಕು ಬೈಟ್‌ಗಳನ್ನು ತಂದರೆ 47 ಸಿಗುತ್ತದೆ. ಒಂದು ಗುಣಾಕಾರ, ಒಂದು ಸಂಕಲನ, ಒಂದು ಬಾರಿ ಮೆಮೊರಿಗೆ ಹೋಗಿ ಬರುವುದು, ಇಷ್ಟೇ ಕೆಲಸ. ಅರೇಯ ಉದ್ದವು ಈ ಸೂತ್ರದಲ್ಲಿ ಎಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ ಎಂಬುದನ್ನು ಗಮನಿಸಬೇಕು. ಹತ್ತು ಲಕ್ಷ ಅಂಶಗಳಿರುವ ಅರೇಯಲ್ಲಿ ಸೂಚ್ಯಂಕ 7,00,000ದ ಅಂಶವನ್ನು ಓದುವಾಗ ಗುಣಿಸುವ ಸಂಖ್ಯೆ ದೊಡ್ಡದಾಗುತ್ತದೆಯೇ ಹೊರತು ಗುಣಾಕಾರಗಳು ಹೆಚ್ಚಾಗುವುದಿಲ್ಲ. ಪ್ರೊಸೆಸರಿಗೆ 5 × 4 ಮತ್ತು 7,00,000 × 4 ಎರಡೂ ಒಂದೇ ಶ್ರಮದ ಲೆಕ್ಕಗಳು. ಕೊಟ್ಟ ಸೂಚ್ಯಂಕವು ಅರೇಯ ಮಿತಿಯೊಳಗೇ ಇದೆಯೇ ಎಂದು ಕೆಲವು ಭಾಷೆಗಳು ಮೊದಲು ಪರೀಕ್ಷಿಸುತ್ತವೆ. ಅದೂ ಒಂದೆರಡು ಹೋಲಿಕೆಗಳ ಕೆಲಸವಾದ್ದರಿಂದ ಸ್ಥಿರಕಾಲಕ್ಕೆ ಭಂಗ ಬರುವುದಿಲ್ಲ.

ಎಣಿಕೆಯು 0ಯಿಂದ ಏಕೆ ಆರಂಭವಾಗುತ್ತದೆ ಎಂಬ ಪ್ರಶ್ನೆಗೆ ಸೂತ್ರದಲ್ಲಿಯೇ ಒಂದು ಉತ್ತರವಿದೆ. ಇಲ್ಲಿ ಸೂಚ್ಯಂಕವೆಂದರೆ ಅರೇಯ ಆರಂಭದಿಂದ ಎಷ್ಟು ಮನೆಗಳನ್ನು ದಾಟಬೇಕು ಎಂಬ ದೂರ. ಮೊದಲ ಅಂಶಕ್ಕೆ ಏನನ್ನೂ ದಾಟಬೇಕಾಗಿಲ್ಲ. 1957ರಲ್ಲಿ ಹೊರಬಂದ ಫೋರ್ಟ್ರಾನ್ ಭಾಷೆಯಲ್ಲಿ ಎಣಿಕೆ 1ರಿಂದ ತೊಡಗುತ್ತದೆ. ಅಂತಹ ಭಾಷೆಗಳಲ್ಲಿ ವಿಳಾಸದ ಲೆಕ್ಕದೊಳಗೆ ಒಂದನ್ನು ಕಳೆಯುವ ಹೊಣೆಯನ್ನು ಕಂಪೈಲರ್ ಹೊರುತ್ತದೆ. ಎಡ್ಸ್‌ಗರ್ ಡೈಕ್‌ಸ್ಟ್ರಾ 1982ರಲ್ಲಿ ಬರೆದ ಪ್ರಸಿದ್ಧ ಟಿಪ್ಪಣಿಯೊಂದರಲ್ಲಿ 0ಯಿಂದ ಎಣಿಸುವುದನ್ನು ಸಮರ್ಥಿಸಿದ್ದಾರೆ. ಆದರೆ ಅವರ ವಾದವು ಸಂಖ್ಯೆಗಳ ವ್ಯಾಪ್ತಿಯನ್ನು ಬರೆಯುವ ಅಚ್ಚುಕಟ್ಟುತನವನ್ನು ಕುರಿತದ್ದು, ವಿಳಾಸದ ಲೆಕ್ಕವನ್ನು ಕುರಿತದ್ದಲ್ಲ. ಇವೆರಡನ್ನೂ ಬೆರೆಸಿ ಹೇಳುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು.

### ಸಮಗಾತ್ರದ ಷರತ್ತು

ಸೂತ್ರದಲ್ಲಿ ಗಾತ್ರವೆಂಬ ಸಂಖ್ಯೆ ಒಂದೇ ಒಂದು ಇದೆ. ಎಲ್ಲ ಅಂಶಗಳೂ ಅದೇ ಗಾತ್ರದವಾಗಿದ್ದರೆ ಮಾತ್ರ ಗುಣಾಕಾರವು ಸರಿಯಾದ ವಿಳಾಸವನ್ನು ಕೊಡುತ್ತದೆ. ಈ ಷರತ್ತು ಎಷ್ಟು ಮುಖ್ಯವೆಂಬುದು ಅದು ಮುರಿದಾಗ ತಿಳಿಯುತ್ತದೆ. ಅಂತರಜಾಲದ ಕನ್ನಡ ಪಠ್ಯವನ್ನು ಬಹುಮಟ್ಟಿಗೆ ಯುಟಿಎಫ್-8 ಎಂಬ ಸಂಕೇತ ಪದ್ಧತಿಯಲ್ಲಿ ಉಳಿಸಲಾಗುತ್ತದೆ. ಅದರಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕು. ಕನ್ನಡದ ಪ್ರತಿ ಯೂನಿಕೋಡ್ ಚಿಹ್ನೆಗೆ 3 ಬೈಟ್ ಬೇಕು. ‘ಕನ್ನಡ’ ಎಂಬ ಪದದಲ್ಲಿ ಕ, ನ, ಅರ್ಧಾಕ್ಷರದ ವಿರಾಮ ಚಿಹ್ನೆ, ಇನ್ನೊಂದು ನ, ಡ ಎಂಬ ಐದು ಚಿಹ್ನೆಗಳಿದ್ದು, ಅದು 15 ಬೈಟ್‌ಗಳನ್ನು ತೆಗೆದುಕೊಳ್ಳುತ್ತದೆ. ಎರಡೂ ಭಾಷೆಗಳು ಬೆರೆತ ಕಡತದಲ್ಲಿ ನೂರನೆಯ ಚಿಹ್ನೆ ಯಾವ ಬೈಟಿನಲ್ಲಿದೆ ಎಂಬುದನ್ನು ಗುಣಾಕಾರದಿಂದ ಹೇಳಲಾಗದು. ಮೊದಲಿನಿಂದ ಎಣಿಸಿಕೊಂಡೇ ಬರಬೇಕು. ಅಲ್ಲಿ ಓದುವಿಕೆಯೂ ರೇಖೀಯ ಕಾಲದ ಕೆಲಸವಾಗುತ್ತದೆ.

ಪೈಥಾನ್ ಭಾಷೆಯ ಲಿಸ್ಟ್ ಈ ಷರತ್ತನ್ನು ಮುರಿಯುವಂತೆ ಮೇಲ್ನೋಟಕ್ಕೆ ಕಾಣುತ್ತದೆ. ಅದರಲ್ಲಿ ಒಂದು ಸಂಖ್ಯೆ, ಅದರ ಪಕ್ಕದಲ್ಲಿ ಒಂದು ಉದ್ದನೆಯ ಹೆಸರು, ಆಚೆಗೆ ಇನ್ನೊಂದು ಲಿಸ್ಟ್ ಇರಬಹುದು. ಆದರೆ ಲಿಸ್ಟಿನೊಳಗೆ ಸಾಲಾಗಿ ಇರುವುದು ಆ ವಸ್ತುಗಳಲ್ಲ, ಅವುಗಳ ವಿಳಾಸಗಳು. 64 ಬಿಟ್ ಯಂತ್ರದಲ್ಲಿ ಪ್ರತಿ ವಿಳಾಸವೂ 8 ಬೈಟ್. ಹೀಗಾಗಿ ಸೂತ್ರವು ಅಲ್ಲಿಯೂ ನಡೆಯುತ್ತದೆ. ಮೊದಲು ವಿಳಾಸವನ್ನು ಓದಿ, ಅನಂತರ ಆ ವಿಳಾಸದಲ್ಲಿರುವ ವಸ್ತುವನ್ನು ಓದಬೇಕಾದ ಒಂದು ಹೆಜ್ಜೆ ಹೆಚ್ಚಾಗುತ್ತದೆ, ಅಷ್ಟೆ.

### ‘ಸ್ಥಿರ’ ಎಂಬ ಮಾತಿನ ಮಿತಿ

ಸ್ಥಿರಕಾಲವೆಂದರೆ ಪ್ರತಿ ಬಾರಿಯೂ ಗಡಿಯಾರದಲ್ಲಿ ಅಷ್ಟೇ ಕಾಲ ಎಂಬ ಅರ್ಥವಲ್ಲ. ಇತ್ತೀಚೆಗೆ ಬಳಸಿದ ಮೆಮೊರಿಯ ತುಣುಕುಗಳನ್ನು ಪ್ರೊಸೆಸರ್ ತನ್ನ ಬಳಿಯ ಕ್ಯಾಷ್ ಎಂಬ ಸಣ್ಣ ಸಂಗ್ರಹದಲ್ಲಿ ಇಟ್ಟುಕೊಂಡಿರುತ್ತದೆ. ಬೇಕಾದ ಅಂಶವು ಅಲ್ಲಿಯೇ ಇದ್ದರೆ ಓದುವಿಕೆ ಬೇಗ ಮುಗಿಯುತ್ತದೆ, ಮುಖ್ಯ ಮೆಮೊರಿಯಿಂದ ತರಬೇಕಾದರೆ ಅದರ ಹತ್ತಾರು ಪಟ್ಟು ಕಾಲ ಹಿಡಿಯುತ್ತದೆ. ಆದರೂ ಈ ವ್ಯತ್ಯಾಸಕ್ಕೆ ಒಂದು ಮೇಲ್ಮಿತಿ ಇದೆ, ಅಂಶಗಳ ಸಂಖ್ಯೆಯೊಂದಿಗೆ ಅದು ಸಮಪ್ರಮಾಣದಲ್ಲಿ ಬೆಳೆಯುತ್ತಾ ಹೋಗುವುದಿಲ್ಲ. O(1) ಎಂಬ ಸಂಕೇತವು ಹೇಳುವುದು ಇಷ್ಟನ್ನು ಮಾತ್ರ.

ಇನ್ನೊಂದು ಗೊಂದಲವನ್ನೂ ಇಲ್ಲಿಯೇ ನಿವಾರಿಸಿಕೊಳ್ಳಬೇಕು. ಸ್ಥಿರಕಾಲದಲ್ಲಿ ಸಿಗುವುದು ‘ಸೂಚ್ಯಂಕ 5ರಲ್ಲಿ ಏನಿದೆ?’ ಎಂಬ ಪ್ರಶ್ನೆಯ ಉತ್ತರ. ‘47 ಎಲ್ಲಿದೆ?’ ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಹುಡುಕಾಟ ಬೇಕು, ಹುಡುಕಾಟದ ವೆಚ್ಚ ಬೇರೆ.

## ನಡುವೆ ಸೇರಿಸುವಿಕೆ

ಈಗ ಒಂಬತ್ತನೆಯ ವಿದ್ಯಾರ್ಥಿಯ ಅಂಕ 27 ಬಂದಿತೆಂದು ಭಾವಿಸೋಣ. ಏರಿಕೆಯ ಕ್ರಮ ಉಳಿಯಬೇಕಾದರೆ ಅದು 23 ಮತ್ತು 31ರ ನಡುವೆ, ಅಂದರೆ ಸೂಚ್ಯಂಕ 3ರಲ್ಲಿ ಕೂರಬೇಕು. ಆ ಮನೆಯ ವಿಳಾಸ 1012. ಆದರೆ ಅಲ್ಲಿ ಈಗಾಗಲೇ 31 ಇದೆ. 23 ಮತ್ತು 31ರ ನಡುವೆ ಒಂದು ಬೈಟಿನಷ್ಟೂ ತೆರಪಿಲ್ಲ.

27ನ್ನು ಖಾಲಿ ಇರುವ 1032ರಲ್ಲಿ ಬರೆದು, ‘ಇದು ವಾಸ್ತವವಾಗಿ ಸೂಚ್ಯಂಕ 3’ ಎಂದು ಎಲ್ಲಾದರೂ ಗುರುತು ಮಾಡಿಕೊಳ್ಳಬಾರದೇ ಎಂಬ ಪ್ರಶ್ನೆ ಸಹಜ. ಹಾಗೆ ಮಾಡಿದ ಕ್ಷಣದಿಂದ ಸೂತ್ರವು ಸುಳ್ಳಾಗುತ್ತದೆ. ಸೂಚ್ಯಂಕ 3 ಎಂದಾಗ ಅದು 1012ನ್ನೇ ತೋರಿಸುತ್ತದೆ, ಅಲ್ಲಿ 31 ಸಿಗುತ್ತದೆ. ಪ್ರತಿ ಓದುವಿಕೆಗೂ ಮೊದಲು ಗುರುತುಗಳ ಪಟ್ಟಿಯನ್ನು ನೋಡಬೇಕಾಗುತ್ತದೆ, ಸೇರ್ಪಡೆಗಳು ಹೆಚ್ಚಾದಂತೆ ಆ ಪಟ್ಟಿಯೂ ಬೆಳೆಯುತ್ತದೆ. ಓದುವಿಕೆಯ ಸ್ಥಿರಕಾಲವನ್ನು ಉಳಿಸಿಕೊಳ್ಳಬೇಕಾದರೆ 31 ಮತ್ತು ಅದರ ಬಲಕ್ಕಿರುವ ಎಲ್ಲ ಸಂಖ್ಯೆಗಳೂ ಒಂದೊಂದು ಮನೆ ಮುಂದಕ್ಕೆ ಸರಿಯಲೇಬೇಕು.

ಸರಿಸುವಿಕೆಯು ಬಲತುದಿಯಿಂದ ಆರಂಭವಾಗುತ್ತದೆ. ಮೊದಲು 66ನ್ನು 1028ರಿಂದ 1032ಕ್ಕೆ ನಕಲು ಮಾಡಲಾಗುತ್ತದೆ. ಆಗ 1028ರ ಮನೆ ತೆರವಾದಂತಾಯಿತು. ಅಲ್ಲಿಗೆ 58, ಬಳಿಕ 58ರ ಹಳೆಯ ಮನೆಯಾದ 1024ಕ್ಕೆ 47, 1020ಕ್ಕೆ 40, ಕೊನೆಗೆ 1016ಕ್ಕೆ 31 ಬರುತ್ತದೆ. ಐದು ನಕಲುಗಳಾದ ಮೇಲೆ 1012ರಲ್ಲಿ 27ನ್ನು ಬರೆಯಲಾಗುತ್ತದೆ. ಸಿ ಭಾಷೆಯಲ್ಲಿ ಇದು ಹೀಗಿರುತ್ತದೆ. ಇಲ್ಲಿ `n` ಎಂಬುದು ಈಗಿರುವ ಅಂಶಗಳ ಸಂಖ್ಯೆ, `k` ಸೇರಿಸಬೇಕಾದ ಸೂಚ್ಯಂಕ, `x` ಹೊಸ ಅಂಶ:

```c
for (i = n; i > k; i--)
    a[i] = a[i - 1];
a[k] = x;
n = n + 1;
```

ಕಲಿಯುವವರು ಇಲ್ಲಿ ಮಾಡುವ ತಪ್ಪೊಂದು ಬಹಳ ಪರಿಚಿತವಾದದ್ದು. ಎಡದಿಂದ ಬಲಕ್ಕೆ ಓದುವ ಅಭ್ಯಾಸದಿಂದ ಸರಿಸುವಿಕೆಯನ್ನೂ ಎಡದಿಂದ ತೊಡಗುತ್ತಾರೆ. ಆಗ ಮೊದಲ ಹೆಜ್ಜೆಯಲ್ಲಿ 31ನ್ನು 40ರ ಮನೆಗೆ ಬರೆಯಲಾಗುತ್ತದೆ, 40 ಅಳಿದುಹೋಗುತ್ತದೆ. ಎರಡನೆಯ ಹೆಜ್ಜೆಯಲ್ಲಿ 40 ಎಂದು ಭಾವಿಸಿ ಮುಂದಕ್ಕೆ ಬರೆಯುವುದೂ 31ನ್ನೇ. ಕೊನೆಯಲ್ಲಿ ಅರೇಯು 12, 19, 23, 27, 31, 31, 31, 31, 31 ಎಂದಾಗುತ್ತದೆ. ಪ್ರೋಗ್ರಾಂ ಯಾವ ದೋಷವನ್ನೂ ವರದಿ ಮಾಡುವುದಿಲ್ಲ, ಅಂಶಗಳ ಸಂಖ್ಯೆಯೂ ಸರಿಯಾಗಿಯೇ ಇರುತ್ತದೆ. ಆದರೆ ನಾಲ್ವರು ವಿದ್ಯಾರ್ಥಿಗಳ ಅಂಕಗಳು ಮರಳಿ ಸಿಗದಂತೆ ನಾಶವಾಗಿರುತ್ತವೆ. ಸೇರಿಸಿದ ಸ್ಥಳದಿಂದ ಕೊನೆಯವರೆಗೆ ಒಂದೇ ಬೆಲೆ ಮರುಕಳಿಸುತ್ತಿದ್ದರೆ ಸರಿಸುವಿಕೆಯ ದಿಕ್ಕು ತಪ್ಪಿದೆ ಎಂದೇ ತಿಳಿಯಬಹುದು. ಸಿ ಭಾಷೆಯಲ್ಲಿ ಬೈಟ್‌ಗಳನ್ನು ನಕಲಿಸಲು `memcpy` ಮತ್ತು `memmove` ಎಂಬ ಎರಡು ಕ್ರಿಯೆಗಳಿರುವುದಕ್ಕೂ ಇದೇ ಕಾರಣ. ಮೂಲ ಮತ್ತು ಗುರಿಯ ಜಾಗಗಳು ಒಂದರ ಮೇಲೊಂದು ಬರುವಾಗ ಸರಿಯಾದ ಫಲಿತಾಂಶದ ಭರವಸೆ ಇರುವುದು `memmove`ಗೆ ಮಾತ್ರ.

### ಸರಿಯುವ ಅಂಶಗಳ ಲೆಕ್ಕ

n ಅಂಶಗಳ ಅರೇಯಲ್ಲಿ ಸೂಚ್ಯಂಕ kಯಲ್ಲಿ ಸೇರಿಸಿದರೆ n − k ಅಂಶಗಳು ಸರಿಯುತ್ತವೆ. ಮೇಲಿನ ಉದಾಹರಣೆಯಲ್ಲಿ 8 − 3, ಅಂದರೆ 5. ಕೊನೆಯಲ್ಲಿ ಸೇರಿಸಿದರೆ ಯಾವುದೂ ಸರಿಯಬೇಕಾಗಿಲ್ಲ, ಮೊದಲಲ್ಲಿ ಸೇರಿಸಿದರೆ ಎಲ್ಲ ಎಂಟೂ ಸರಿಯಬೇಕು. ಹೊಸ ಅಂಶವು ಒಂಬತ್ತು ಸಾಧ್ಯ ಸ್ಥಳಗಳಲ್ಲಿ ಯಾವುದಕ್ಕೆ ಬೇಕಾದರೂ ಸಮನಾದ ಸಂಭವದಿಂದ ಬರಬಹುದಾದರೆ, ಸರಾಸರಿಯು 0ಯಿಂದ 8ರವರೆಗಿನ ಸಂಖ್ಯೆಗಳ ಮೊತ್ತವಾದ 36ನ್ನು 9ರಿಂದ ಭಾಗಿಸಿದಾಗ ಬರುವ 4. ಸಾಮಾನ್ಯವಾಗಿ ಹೇಳುವುದಾದರೆ ಸರಾಸರಿ n/2. ಅರ್ಧ ಎಂಬ ಗುಣಕವಿದ್ದರೂ ಇದನ್ನು O(n) ಎಂದೇ ಬರೆಯುತ್ತಾರೆ. ಏಕೆಂದರೆ n ಇಮ್ಮಡಿಯಾದರೆ n/2 ಕೂಡ ಇಮ್ಮಡಿಯಾಗುತ್ತದೆ, ಈ ಸಂಕೇತವು ಹಿಡಿದಿಡುವುದು ಬೆಳವಣಿಗೆಯ ರೀತಿಯನ್ನು. ಅಂಶವನ್ನು ಅಳಿಸುವಾಗಲೂ ಲೆಕ್ಕ ಹೀಗೆಯೇ, ದಿಕ್ಕು ಮಾತ್ರ ವಿರುದ್ಧ: ಬಲಕ್ಕಿರುವ ಅಂಶಗಳು ಎಡಕ್ಕೆ ಸರಿದು ತೆರಪನ್ನು ಮುಚ್ಚುತ್ತವೆ, ಆಗ ಎಡದಿಂದಲೇ ತೊಡಗಬೇಕು.

ಕಾದಿರಿಸಿದ ಜಾಗವೇ ತುಂಬಿಹೋಗಿದ್ದರೆ ಇನ್ನೊಂದು ವೆಚ್ಚ ಸೇರಿಕೊಳ್ಳುತ್ತದೆ. 1040ನೆಯ ವಿಳಾಸದಿಂದ ಬೇರಾವುದೋ ದತ್ತಾಂಶ ಇರಬಹುದಾದ್ದರಿಂದ ಅರೇಯನ್ನು ಅಲ್ಲಿಯೇ ಉದ್ದ ಮಾಡಲು ಬರುವುದಿಲ್ಲ. ಬೇರೆಡೆ ದೊಡ್ಡ ಜಾಗವನ್ನು ಪಡೆದು ಎಲ್ಲ ಅಂಶಗಳನ್ನೂ ಅಲ್ಲಿಗೆ ನಕಲಿಸಬೇಕಾಗಬಹುದು. ತಾನಾಗಿಯೇ ಬೆಳೆಯುವ ಅರೇಗಳು ಇಂತಹ ಸಂದರ್ಭದಲ್ಲಿ ಒಂದೇ ಒಂದು ಮನೆಯನ್ನು ಹೆಚ್ಚಿಸದೆ, ಈಗಿನ ಗಾತ್ರಕ್ಕೆ ಅನುಪಾತವಾಗಿ ಹೆಚ್ಚಿನ ಜಾಗವನ್ನು ತೆಗೆದುಕೊಳ್ಳುತ್ತವೆ. ಇದರಿಂದ ಪೂರ್ಣ ನಕಲು ಅಪರೂಪವಾಗುತ್ತದೆ ಮತ್ತು ಕೊನೆಯಲ್ಲಿ ಸೇರಿಸುವ ಕೆಲಸದ ಸರಾಸರಿ ವೆಚ್ಚವು ಸ್ಥಿರವಾಗಿ ಉಳಿಯುತ್ತದೆ. ನಡುವಿನ ಸೇರ್ಪಡೆಗೆ ಮಾತ್ರ ಈ ಉಪಾಯದಿಂದ ಬಿಡುಗಡೆ ಇಲ್ಲ.

## ಒಂದು ಸೇರ್ಪಡೆಯಿಂದ ಲಕ್ಷ ಸೇರ್ಪಡೆಗಳಿಗೆ

ಒಂದೇ ಒಂದು ಸೇರ್ಪಡೆಯ ರೇಖೀಯ ವೆಚ್ಚವು ಬಳಕೆದಾರರ ಗಮನಕ್ಕೇ ಬರುವುದಿಲ್ಲ. ಹತ್ತು ಲಕ್ಷ ಅಂಶಗಳ ಅರೇಯ ನಟ್ಟನಡುವೆ ಸೇರಿಸಿದರೆ ಐದು ಲಕ್ಷ ಅಂಶಗಳು, ಅಂದರೆ 4 ಬೈಟಿನ ಲೆಕ್ಕದಲ್ಲಿ 20 ಲಕ್ಷ ಬೈಟ್‌ಗಳು ಸರಿಯಬೇಕು. ಪಕ್ಕಪಕ್ಕದ ಬೈಟ್‌ಗಳನ್ನು ರಾಶಿಯಾಗಿ ಸಾಗಿಸುವುದರಲ್ಲಿ ಇಂದಿನ ಪ್ರೊಸೆಸರುಗಳು ಬಹಳ ಸಮರ್ಥವಾಗಿರುವುದರಿಂದ ಇದು ಕಣ್ಣೆವೆ ಮಿಟುಕಿಸುವ ಮೊದಲೇ ಮುಗಿದಿರುತ್ತದೆ. ತೊಂದರೆ ಕಾಣುವುದು ಸೇರ್ಪಡೆಯನ್ನು ಲೂಪಿನೊಳಗೆ ಇಟ್ಟಾಗ.

ಇದಕ್ಕೆ ಮಾದರಿಯಾಗಿ, ಯಾವುದೇ ಕ್ರಮವಿಲ್ಲದೆ ಒಂದೊಂದಾಗಿ ಬರುವ ಅಂಕಗಳನ್ನು ಬಂದಂತೆಯೇ ಏರಿಕೆಯ ಕ್ರಮದಲ್ಲಿ ಇಡುವ ಪ್ರೋಗ್ರಾಂ ಒಂದನ್ನು ನೋಡಬಹುದು. ಸರಿಯಾದ ಸ್ಥಳವನ್ನು ಹುಡುಕಲು ಅದು ದ್ವಿಭಾಗ ಹುಡುಕಾಟವನ್ನು ಬಳಸುತ್ತದೆ: ನಡುವಿನ ಅಂಶವನ್ನು ನೋಡಿ, ಅರ್ಧವನ್ನು ಬಿಟ್ಟು, ಉಳಿದರ್ಧದ ನಡುವನ್ನು ನೋಡಿ, ಹೀಗೆ ಮುಂದುವರಿಯುವ ವಿಧಾನ. ಓದುವಿಕೆ ಸ್ಥಿರಕಾಲದ್ದಾಗಿರುವುದರಿಂದಲೇ ಈ ವಿಧಾನವು ಅರೇಯಲ್ಲಿ ಸಾಧ್ಯವಾಗುತ್ತದೆ, ಹತ್ತು ಲಕ್ಷ ಅಂಶಗಳ ನಡುವೆಯೂ ಸುಮಾರು 20 ಹೋಲಿಕೆಗಳಲ್ಲಿ ಸ್ಥಳವು ಸಿಕ್ಕಿಬಿಡುತ್ತದೆ. ಹುಡುಕಾಟ ಇಷ್ಟು ಚುರುಕಾಗಿದೆಯಲ್ಲ, ಆದ್ದರಿಂದ ಪ್ರೋಗ್ರಾಂ ಕೂಡ ಚುರುಕಾಗಿದೆ ಎಂದು ಬರೆದವರು ನಂಬುತ್ತಾರೆ. ಆದರೆ ಸ್ಥಳ ಸಿಕ್ಕ ಮೇಲೆ ಜಾಗ ಮಾಡಬೇಕಲ್ಲ! 20 ಹೋಲಿಕೆಗಳ ಹಿಂದೆಯೇ ಲಕ್ಷಗಟ್ಟಲೆ ಅಂಶಗಳ ಸರಿಸುವಿಕೆ ಬರುತ್ತದೆ. ಪೈಥಾನಿನ `bisect.insort` ಎಂಬ ಸಿದ್ಧ ಕ್ರಿಯೆ ಮಾಡುವುದೂ ಇದನ್ನೇ; ಹುಡುಕಾಟದ ಲಾಭವನ್ನು ಸೇರ್ಪಡೆಯ ರೇಖೀಯ ವೆಚ್ಚವು ಮುಳುಗಿಸುತ್ತದೆ ಎಂದು ಅದರ ಕೈಪಿಡಿಯೇ ಎಚ್ಚರಿಸುತ್ತದೆ.

ಒಟ್ಟು ಲೆಕ್ಕ ಹೀಗಿದೆ. ಅರೇಯಲ್ಲಿ m ಅಂಶಗಳಿರುವಾಗ ಸರಾಸರಿ m/2 ಸರಿಸುವಿಕೆಗಳು. ಖಾಲಿ ಅರೇಯಿಂದ ತೊಡಗಿ n ಅಂಶಗಳಾಗುವವರೆಗೆ ಇವನ್ನು ಕೂಡಿಸಿದರೆ ಸುಮಾರು n²/4 ಬರುತ್ತದೆ. 1,000 ಅಂಕಗಳಿಗೆ ಇದು ಎರಡೂವರೆ ಲಕ್ಷ. ಯಂತ್ರಕ್ಕೆ ಲೆಕ್ಕಕ್ಕೇ ಇಲ್ಲದ ಕೆಲಸ. 1,00,000 ಅಂಕಗಳಿಗೆ 250 ಕೋಟಿ. 10,00,000 ಅಂಕಗಳಿಗೆ 25,000 ಕೋಟಿ. ಒಂದು ಶಾಲೆಯ ದತ್ತಾಂಶದಲ್ಲಿ ಪರೀಕ್ಷಿಸಿ ಸರಿಯಾಗಿದೆ ಎಂದುಕೊಂಡ ಪ್ರೋಗ್ರಾಂ ಇಡೀ ರಾಜ್ಯದ ಪರೀಕ್ಷಾರ್ಥಿಗಳ ದತ್ತಾಂಶವನ್ನು ಕೊಟ್ಟ ದಿನ ನಿಂತುಹೋದಂತೆ ಕಾಣುವುದು ಹೀಗೆ. ಇಂತಹ ಕಡೆ ಎಲ್ಲವನ್ನೂ ಮೊದಲು ಕೊನೆಯಲ್ಲಿ ಸೇರಿಸುತ್ತಾ ಹೋಗಿ, ಆಮೇಲೆ ಒಂದೇ ಬಾರಿ ವಿಂಗಡಿಸುವುದು ಲೇಸು. ಉತ್ತಮ ವಿಂಗಡಣಾ ವಿಧಾನಕ್ಕೆ ಲಕ್ಷ ಅಂಶಗಳಿಗೆ ಬೇಕಾಗುವ ಹೋಲಿಕೆಗಳು ಸುಮಾರು 17 ಲಕ್ಷದ ಆಸುಪಾಸಿನಲ್ಲಿ ನಿಲ್ಲುತ್ತವೆ. ಪ್ರತಿ ಅಂಕ ಬಂದ ಕೂಡಲೇ ವಿಂಗಡಿಸಿದ ಪಟ್ಟಿಯನ್ನು ತೋರಿಸಲೇಬೇಕಾದ ಸಂದರ್ಭಗಳಲ್ಲಿ ಮಾತ್ರ ಈ ಸಲಹೆ ಉಪಯೋಗಕ್ಕೆ ಬಾರದು.

ತಮ್ಮ ಪ್ರೋಗ್ರಾಂನಲ್ಲಿ ಈ ರೋಗವಿದೆಯೇ ಎಂದು ತಿಳಿಯಲು ಸರಳವಾದ ಪರೀಕ್ಷೆಯೆಂದರೆ ದತ್ತಾಂಶವನ್ನು ಇಮ್ಮಡಿಗೊಳಿಸಿ ಕಾಲವನ್ನು ಅಳೆಯುವುದು:

```python
import time
for n in (50000, 100000, 200000):
    a = []
    t = time.perf_counter()
    for i in range(n):
        a.insert(0, i)
    print(n, time.perf_counter() - t)
```

ಇಲ್ಲಿ ಪ್ರತಿ ಬಾರಿಯೂ ಮೊದಲ ಸ್ಥಾನದಲ್ಲಿಯೇ ಸೇರಿಸುವುದರಿಂದ ಇದ್ದ ಅಂಶಗಳೆಲ್ಲ ಸರಿಯುತ್ತವೆ. n ಎರಡರಷ್ಟಾದಾಗ ಮುದ್ರಿತವಾಗುವ ಕಾಲವು ಸುಮಾರು ನಾಲ್ಕರಷ್ಟಾಗುವುದನ್ನು ಕಾಣಬಹುದು. `a.insert(0, i)` ಎಂಬುದರ ಬದಲು `a.append(i)` ಎಂದು ಬರೆದರೆ ಕಾಲವು ಸುಮಾರು ಎರಡರಷ್ಟು ಮಾತ್ರ ಆಗುತ್ತದೆ. ಸೆಕೆಂಡುಗಳ ಸಂಖ್ಯೆ ಯಂತ್ರದಿಂದ ಯಂತ್ರಕ್ಕೆ ಬದಲಾಗುತ್ತದೆ, ಈ ಅನುಪಾತವು ಬಹುಮಟ್ಟಿಗೆ ಬದಲಾಗುವುದಿಲ್ಲ.

## ಬೇರೆಡೆ ಬರೆದಿಟ್ಟ ಸೂಚ್ಯಂಕಗಳು

ಸರಿಸುವಿಕೆಗೆ ಕಾಲವಲ್ಲದೆ ಇನ್ನೊಂದು ಬೆಲೆಯೂ ಇದೆ. ಶಾಲೆಯಲ್ಲಿ ಪಾಠ ಮಾಡಿದವರಿಗೆ ಇದು ಹಾಜರಿ ಪುಸ್ತಕದಿಂದ ಚೆನ್ನಾಗಿ ಪರಿಚಿತ. 42 ಮಕ್ಕಳ ಹೆಸರುಗಳನ್ನು ಅಕಾರಾದಿಯಾಗಿ ಬರೆದು ಕ್ರಮಸಂಖ್ಯೆ ಕೊಟ್ಟ ಮೇಲೆ, ತಡವಾಗಿ ಸೇರಿದ ಒಬ್ಬ ಹುಡುಗನ ಹೆಸರು ಅಕಾರಾದಿಯಲ್ಲಿ 17ನೆಯದಾಗಿ ಬರುತ್ತದೆ ಎಂದುಕೊಳ್ಳೋಣ. ಅವನನ್ನು ಅಲ್ಲಿಯೇ ಬರೆಯಬೇಕಾದರೆ 26 ಮಕ್ಕಳ ಕ್ರಮಸಂಖ್ಯೆ ಬದಲಾಗುತ್ತದೆ. ಪುಟವನ್ನು ಮತ್ತೆ ಬರೆಯುವ ಶ್ರಮ ಒಂದು ಕಡೆಗಾದರೆ, ಅಂಕಪಟ್ಟಿಯಲ್ಲಿ, ಶುಲ್ಕದ ಪುಸ್ತಕದಲ್ಲಿ, ಉತ್ತರಪತ್ರಿಕೆಗಳ ಮೇಲೆ ಈಗಾಗಲೇ ಬರೆದಿರುವ 17 ಎಂಬ ಸಂಖ್ಯೆ ಇನ್ನು ಮುಂದೆ ಬೇರೊಬ್ಬರನ್ನು ಸೂಚಿಸುತ್ತದೆ ಎಂಬುದು ಇನ್ನೂ ದೊಡ್ಡ ತೊಡಕು. ಅದಕ್ಕಾಗಿಯೇ ಉಪಾಧ್ಯಾಯರು ಅಕಾರಾದಿ ಕ್ರಮವನ್ನು ಬಿಟ್ಟುಕೊಟ್ಟು ಹೊಸಬನಿಗೆ 43ನೆಯ ಸಂಖ್ಯೆಯನ್ನು ಕೊಡುತ್ತಾರೆ.

ಪ್ರೋಗ್ರಾಂಗಳಲ್ಲಿಯೂ ಹೀಗೆಯೇ. ಮೊದಲಿನ ಉದಾಹರಣೆಯಲ್ಲಿ 47ರ ಸ್ಥಾನವೆಂದು 5ನ್ನು ಬೇರೊಂದು ಚರದಲ್ಲಿ ಉಳಿಸಿಕೊಂಡಿದ್ದರೆ, 27 ಸೇರಿದ ಬಳಿಕ ಆ 5 ತೋರಿಸುವುದು 40ನ್ನು. ಅದು ಮಿತಿಯೊಳಗಿನ ಸೂಚ್ಯಂಕವೇ ಆದ್ದರಿಂದ ಯಾವ ಎಚ್ಚರಿಕೆಯೂ ಬರುವುದಿಲ್ಲ. ಅರೇಯನ್ನು ಸೂಚ್ಯಂಕದ ಕ್ರಮದಲ್ಲಿ ಓದುತ್ತಾ ಹೋಗುವ ಲೂಪಿನೊಳಗೇ, ಈಗಾಗಲೇ ದಾಟಿಬಂದ ಸ್ಥಾನದಲ್ಲಿ ಸೇರ್ಪಡೆ ಮಾಡಿದರೆ ಒಂದು ಅಂಶವು ಎರಡು ಬಾರಿ ಕೈಗೆ ಬರುವುದೂ ಇದರ ಇನ್ನೊಂದು ರೂಪ. ಬದಲಾಗುವ ಅರೇಯಲ್ಲಿ ಸೂಚ್ಯಂಕವನ್ನು ವಸ್ತುವಿನ ಗುರುತಾಗಿ ಬಳಸಬಾರದು, ನೋಂದಣಿ ಸಂಖ್ಯೆಯಂತಹ ಪ್ರತ್ಯೇಕ ಗುರುತನ್ನು ಬಳಸಬೇಕು.

## ಸರಿಸುವಿಕೆಯನ್ನು ತಪ್ಪಿಸುವ ರಚನೆಗಳು

ಅಂಶಗಳ ಕ್ರಮವು ಮುಖ್ಯವಲ್ಲದಿದ್ದರೆ ದಾರಿ ಸುಲಭ. ಸೂಚ್ಯಂಕ 3ರಲ್ಲಿದ್ದ ಅಂಶವನ್ನು ಎತ್ತಿ ಕೊನೆಯ ಖಾಲಿ ಮನೆಯಲ್ಲಿಟ್ಟು, ತೆರವಾದ ಸ್ಥಳದಲ್ಲಿ ಹೊಸದನ್ನು ಇಡಬಹುದು. ಒಂದೇ ಅಂಶ ಚಲಿಸಿದ್ದರಿಂದ ಇದು ಸ್ಥಿರಕಾಲದ ಕೆಲಸ.

ಕ್ರಮವನ್ನು ಉಳಿಸಿಕೊಳ್ಳಬೇಕಾದಾಗ ಪಠ್ಯಪುಸ್ತಕಗಳು ಲಿಂಕ್ಡ್ ಲಿಸ್ಟ್ ಅನ್ನು ಮುಂದಿಡುತ್ತವೆ. ಅದರಲ್ಲಿ ಅಂಶಗಳು ಮೆಮೊರಿಯಲ್ಲಿ ಎಲ್ಲಿ ಬೇಕಾದರೂ ಇರಬಹುದು. ಪ್ರತಿ ಅಂಶವೂ ತನ್ನ ಮುಂದಿನ ಅಂಶದ ವಿಳಾಸವನ್ನು ಜೊತೆಗಿಟ್ಟುಕೊಂಡಿರುತ್ತದೆ. 23 ಮತ್ತು 31ರ ನಡುವೆ 27ನ್ನು ಸೇರಿಸಲು 27ರ ಜೊತೆಗೆ 31ರ ವಿಳಾಸವನ್ನು ಬರೆದು, 23ರ ಜೊತೆಗಿದ್ದ ವಿಳಾಸವನ್ನು 27ರದಕ್ಕೆ ಬದಲಿಸಿದರೆ ಸಾಕು. ಯಾವುದೂ ಸರಿಯುವುದಿಲ್ಲ. ಆದರೆ ಸೂತ್ರವೂ ಇಲ್ಲ. ಐದನೆಯ ಅಂಶ ಬೇಕೆಂದರೆ ಮೊದಲನೆಯದರಿಂದ ಒಂದೊಂದನ್ನೇ ಹಿಡಿದು ಸಾಗಬೇಕು, ಸೇರಿಸುವ ಸ್ಥಳವನ್ನು ತಲುಪಲೂ ಹಾಗೆಯೇ ಸಾಗಬೇಕು. ‘ಲಿಂಕ್ಡ್ ಲಿಸ್ಟಿನಲ್ಲಿ ಸೇರ್ಪಡೆ O(1)’ ಎಂಬ ಮಾತು ಆ ಸ್ಥಳವು ಮೊದಲೇ ಕೈಯಲ್ಲಿದ್ದಾಗ ಮಾತ್ರ ನಿಜ. ಪರೀಕ್ಷೆಯ ಉತ್ತರಗಳಲ್ಲಿ ಈ ಷರತ್ತನ್ನು ಬಿಟ್ಟುಬಿಡುವುದೇ ಹೆಚ್ಚು. ಚದುರಿದ ವಿಳಾಸಗಳನ್ನು ಬೆನ್ನಟ್ಟುವಾಗ ಕ್ಯಾಷ್‌ನ ನೆರವೂ ಸರಿಯಾಗಿ ಸಿಗದು. ಹೀಗಾಗಿ ಕೆಲವು ನೂರು ಅಂಶಗಳಷ್ಟೇ ಇರುವಲ್ಲಿ, ಎಲ್ಲವನ್ನೂ ಸರಿಸುವ ಅರೇಯೇ ಲಿಂಕ್ಡ್ ಲಿಸ್ಟಿಗಿಂತ ಬೇಗ ಕೆಲಸ ಮುಗಿಸುವುದುಂಟು.

ಪಠ್ಯ ಸಂಪಾದನೆಯ ತಂತ್ರಾಂಶಗಳು ಎದುರಿಸುವ ಸಮಸ್ಯೆ ಇದೇ ಆಗಿದೆ, ಏಕೆಂದರೆ ಬರೆಯುವವರು ಅಕ್ಷರಗಳನ್ನು ಸೇರಿಸುವುದು ಬಹುಪಾಲು ನಡುವೆಯೇ. ಈಮ್ಯಾಕ್ಸ್ ಎಂಬ ತಂತ್ರಾಂಶವು ಇದಕ್ಕೆ ಗ್ಯಾಪ್ ಬಫರ್ ಎಂಬ ರಚನೆಯನ್ನು ಬಳಸುತ್ತದೆ. ಇದೂ ಒಂದು ಅರೇಯೇ. ಆದರೆ ಖಾಲಿ ಜಾಗವು ಕೊನೆಯಲ್ಲಿರದೆ ತಿದ್ದುಪಡಿ ನಡೆಯುತ್ತಿರುವ ಸ್ಥಳದಲ್ಲಿ ಇರುತ್ತದೆ. ಕರ್ಸರ್ ಇರುವಲ್ಲಿ ಟೈಪ್ ಮಾಡಿದ ಪ್ರತಿ ಅಕ್ಷರವೂ ಆ ತೆರಪಿನೊಳಗೆ ಬೀಳುತ್ತದೆ, ಏನನ್ನೂ ಸರಿಸಬೇಕಾಗಿಲ್ಲ. ಓದುವಾಗ ಬೇಕಾದ ಸ್ಥಾನವು ತೆರಪಿನ ಎಡಕ್ಕಿದೆಯೇ ಬಲಕ್ಕಿದೆಯೇ ಎಂದು ನೋಡಿ, ಬಲಕ್ಕಿದ್ದರೆ ತೆರಪಿನ ಉದ್ದವನ್ನು ಕೂಡಿಸಿಕೊಂಡರೆ ಸಾಕಾದ್ದರಿಂದ ಸ್ಥಾನವನ್ನು ಹಿಡಿಯುವ ಲೆಕ್ಕವೂ ಸ್ಥಿರಕಾಲದ್ದಾಗಿಯೇ ಉಳಿಯುತ್ತದೆ. ಕರ್ಸರ್ ಅನ್ನು ದೂರಕ್ಕೆ ಒಯ್ದು ಅಲ್ಲಿ ಬರೆಯತೊಡಗಿದಾಗ ತೆರಪನ್ನೂ ಅಲ್ಲಿಗೆ ಒಯ್ಯಬೇಕು, ಆಗ ನಡುವಿನ ಬೈಟ್‌ಗಳೆಲ್ಲ ಆಚೆಯಿಂದ ಈಚೆಗೆ ನಕಲಾಗುತ್ತವೆ. ಆ ರೇಖೀಯ ವೆಚ್ಚವು ಪ್ರತಿ ಅಕ್ಷರಕ್ಕೂ ಬೀಳದೆ ಅಂತಹ ಪ್ರತಿ ಜಿಗಿತಕ್ಕೆ ಒಮ್ಮೆ ಬೀಳುತ್ತದೆ.